ಅಳಿಸಿದ ಸೆಂಟರ್ ಲೈನ್

ನನಗಾಗ ಇಪ್ಪತ್ತೆರಡು. ಡಿಪ್ಲೊಮಾ ಮುಗಿಸಿ, ರಾಜಾಜಿನಗರದ ಒಂದು ಮಹಡಿಯ ಮೇಲಿದ್ದ ತರಬೇತಿ ಕೇಂದ್ರದಲ್ಲಿ ಮೂರು ತಿಂಗಳು ತ್ರೀಡಿ ಸಾಫ್ಟ್‌ವೇರ್ ಕಲಿತು, ಇನ್ನು ಕಲಿಯಲು ಏನೂ ಉಳಿದಿಲ್ಲ ಎಂದು ನಂಬಿದ್ದೆ. ಹೇರೋಹಳ್ಳಿಯ ನಮ್ಮ ಮನೆಯಿಂದ ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ಚಪ್ಪಲಿಗೆ ಒಂದು ಕೆಜಿ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಅದನ್ನು ಬಸ್ ಸ್ಟಾಪಿನ ಕಲ್ಲಿಗೆ ಉಜ್ಜಿ, ಕೂದಲು ಸರಿಮಾಡಿಕೊಂಡು, ಕಾಮಾಕ್ಷಿಪಾಳ್ಯದ ಒಂದು ಟೂಲ್ ರೂಮಿಗೆ ಕೆಲಸಕ್ಕೆ ಹೋಗುತ್ತಿದ್ದೆ.

ನಮ್ಮ ಟೂಲ್ ರೂಮಿನಲ್ಲಿ ಡ್ರಿಲ್ ಜಿಗ್ ಮಾಡುತ್ತಿದ್ದರು. ಜಿಗ್ ಎಂದರೆ, ಡ್ರಿಲ್ ಅತ್ತಿತ್ತ ಜಾರದಂತೆ ದಾರಿ ತೋರಿಸುವ, ತೂತುಗಳಿರುವ ಗಟ್ಟಿ ಉಕ್ಕಿನ ಪ್ಲೇಟು. ಕೆಳಗೆ ಮಿಷನ್‌ಗಳ ಸದ್ದು, ಮೇಲೆ ಮರದ ಮೆಟ್ಟಿಲು ಹತ್ತಿದರೆ ಡ್ರಾಯಿಂಗ್ ಆಫೀಸು. ಅಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ಮೇಷ್ಟ್ರು.

ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಮೂವತ್ತು ವರ್ಷದಿಂದ ಅಲ್ಲಿನ ಡ್ರಾಫ್ಟ್ಸ್‌ಮನ್. ಕೆಳಗಿನ ಫಿಟ್ಟರ್‌ಗಳಿಗೆಲ್ಲ ಡ್ರಾಯಿಂಗ್ ಓದುವುದನ್ನು ಕಲಿಸಿದ್ದರಿಂದ ಆ ಹೆಸರು ಬಿದ್ದಿತ್ತು. ವಿಜಯನಗರದಿಂದ ನಡೆದೇ ಬರುತ್ತಿದ್ದರು. ಬಂದವರು ಮೊದಲು ಡ್ರಾಯಿಂಗ್ ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡ ಮೇಲೆಯೇ ಕಾಫಿ ಕುಡಿಯುತ್ತಿದ್ದರು. ಯಾವ ಹಾಳೆ ಹಾಕಿದರೂ ಅವರ ಮೊದಲ ಗೆರೆ ಸೆಂಟರ್ ಲೈನ್. ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ತುಂಡು ತುಂಡಾಗಿ ನಡುಮಧ್ಯೆ ಓಡುವ ಆ ಗೆರೆ ಪ್ಲೇಟಿನ ಅಂಚು ದಾಟಿ ಸರಿಯಾಗಿ ಮೂರು ಮಿಲ್ಲಿಮೀಟರ್ ಹೊರಗೆ ಬಂದು ನಿಲ್ಲುತ್ತಿತ್ತು. ಆ ಗೆರೆ ಇದ್ದರೆ ಎಡಬಲ ಸಮ ಎಂದು ಅರ್ಥ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಓನರ್ ನನ್ನೆದುರಿಗೇ ಅವರಿಗೆ ಹೇಳಿದರು. “ಮೇಷ್ಟ್ರೇ, ಕಸ್ಟಮರ್‌ಗಳು ಈಗ ಕಂಪ್ಯೂಟರ್ ಮಾಡೆಲ್ಲೇ ಕೇಳ್ತಾರೆ. ಶನಿವಾರ ಅವರ ಇಂಜಿನಿಯರ್ ಬರ್ತಾರೆ, ಅವರ ಮುಂದೆ ನೀವೇ ಕೂತು ಅವರ ಜಿಗ್ ಪ್ಲೇಟನ್ನ ಕಂಪ್ಯೂಟರಲ್ಲಿ ತೋರಿಸಿ. ಆಗಲಿಲ್ಲ ಅಂದ್ರೆ ನಾನೇನೂ ಮಾಡಕ್ಕಾಗಲ್ಲ. ಬೋರ್ಡ್ ಜಾಗದಲ್ಲಿ ಇನ್ನೊಂದು ಕಂಪ್ಯೂಟರ್ ಹಾಕ್ಬೇಕು.”

ಬೋರ್ಡಿನ ಜೊತೆ ಮೇಷ್ಟ್ರೂ ಹೋಗಬೇಕು ಎಂಬುದು ಮೂವರಿಗೂ ಗೊತ್ತಾಯಿತು. ಅವರ ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು, ಚಿಕ್ಕ ಮಗಳು ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದಳು. ಕಲಿಸುವ ಹೊಣೆ ನನಗೆ ಬಿತ್ತು.

ನಾನು ಒಳ್ಳೆಯ ಗುರುವಲ್ಲ. ಆಗಂತೂ ನನಗೆ ಮೂಗಿನ ತುದಿಯಲ್ಲೇ ಕೋಪ. ಮೇಷ್ಟ್ರು ಮೌಸನ್ನು ಹಸಿ ಬಣ್ಣದ ಡಬ್ಬಿ ಹಿಡಿದಂತೆ ಹಿಡಿಯುತ್ತಿದ್ದರು. ಒಂದು ಕ್ಲಿಕ್ಕಿಗೆ ಮುಂಚೆ ಕನ್ನಡಕ ಸರಿಮಾಡಿಕೊಳ್ಳುವರು, ಕ್ಲಿಕ್ಕಾದ ಮೇಲೆ ನನ್ನ ಮುಖ ನೋಡುವರು. “ಸರಿಯಾಯ್ತೇನಮ್ಮ?” ಎಂದು ಕೇಳುವರು. ನಾನು “ಹೂಂ, ಮುಂದೆ” ಎನ್ನುತ್ತಿದ್ದೆ. ಅಷ್ಟು ಹೇಳುವುದರಲ್ಲೂ ಎಷ್ಟು ಅಹಂಕಾರ ಬೆರೆಸಬಹುದೋ ಅಷ್ಟನ್ನೂ ಬೆರೆಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವರು ಪ್ಲೇಟಿನ ಸ್ಕೆಚ್ ಮುಗಿಸಿದರು. ನೂರೆಂಬತ್ತು ಉದ್ದ, ನೂರಿಪ್ಪತ್ತು ಅಗಲದ ಆಯತ. ಕೆಳಗಿನ ಎಡ ಮೂಲೆಯನ್ನು ನಾನು ಹೇಳಿದಂತೆ ಪರದೆಯ ಮೂಲಬಿಂದುವಿಗೆ ಕಟ್ಟಿದ್ದರು. ಒಳಗೆ ಒಂದೇ ಅಳತೆಯ ನಾಲ್ಕು ತೂತು. ಎಡ ತೂತಿನಿಂದ ಬಲ ತೂತಿಗೆ ನೂರನಲವತ್ತು, ಕೆಳಗಿನಿಂದ ಮೇಲಕ್ಕೆ ಎಂಬತ್ತು. ಅಡ್ಡ ಒಂದು, ಉದ್ದ ಒಂದು ಸೆಂಟರ್ ಲೈನ್, ಎರಡೂ ಅಂಚಿನಿಂದ ಒಂದಿಷ್ಟು ಹೊರಗೆ. ಹಾಳೆಯ ಮೇಲಾಗಿದ್ದರೆ ಅಲ್ಲಿಗೆ ಡ್ರಾಯಿಂಗ್ ಮುಗಿದಂತೆ. ಆದರೆ ಆಯತ ಮಾತ್ರ ಕಪ್ಪಾಗಿತ್ತು. ತೂತುಗಳೂ ಸೆಂಟರ್ ಲೈನ್‌ಗಳೂ ನೀಲಿಯಾಗಿಯೇ ಉಳಿದಿದ್ದವು. ಪರದೆಯ ಕೆಳಗೆ ‘ಅಂಡರ್ ಡಿಫೈನ್ಡ್’, ಅಂದರೆ ಹೇಳಬೇಕಾದದ್ದು ಇನ್ನೂ ಬಾಕಿಯಿದೆ ಎಂದು ಬರೆದಿತ್ತು.

“ಎಲ್ಲಾ ಅಳತೆ ಕೊಟ್ಟಿದೀನಲ್ಲಮ್ಮ. ಇನ್ನೂ ಏನು ಬೇಕಂತೆ ಇದಕ್ಕೆ?”

ನಾನು ಮೌಸು ಕಿತ್ತುಕೊಂಡು ಒಂದು ತೂತನ್ನು ಹಿಡಿದೆಳೆದೆ. ನಾಲ್ಕೂ ತೂತು, ತಮ್ಮ ನಡುವಿನ ಅಳತೆ ಬಿಟ್ಟುಕೊಡದೆ, ಒಟ್ಟಿಗೆ ಪ್ಲೇಟಿನ ಮೇಲೆ ಜಾರಿದವು. ಇನ್ನೂ ಎಳೆದೆ. ಎರಡು ತೂತು ಪ್ಲೇಟಿನ ಹೊರಗೇ ಹೋದವು. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು.

“ತೂತಿಂದ ತೂತಿಗೆ ಹೇಳಿದೀರಿ. ತೂತು ಪ್ಲೇಟಲ್ಲಿ ಎಲ್ಲಿರ್ಬೇಕು ಅಂತ ಹೇಳಿಲ್ಲ,” ಎಂದೆ.

“ಮಧ್ಯದಲ್ಲಿ. ಸೆಂಟರ್ ಲೈನ್ ಹಾಕಿದೀನಲ್ಲ.”

“ಅದು ನಿಮಗೆ ಸೆಂಟರ್ ಲೈನು ಮೇಷ್ಟ್ರೇ. ಇದಕ್ಕೆ ಅದೂ ಒಂದು ಗೆರೆ, ಅಷ್ಟೇ.”

ನಾನು ಹೇಳಿದ್ದು ತಪ್ಪಲ್ಲ. ಆ ಪ್ರೋಗ್ರಾಮಿಗೆ ಗೆರೆ ಹಾಕಿದರೆ ಸಾಲದು. ಈ ಗೆರೆಯ ತುದಿ ಅಂಚಿನ ನಡುಬಿಂದುವಿನ ನೇರಕ್ಕಿದೆ, ಎಡ ತೂತೂ ಬಲ ತೂತೂ ಈ ಗೆರೆಗೆ ಸಮದೂರ ಎಂದು ಒಂದೊಂದೇ ಸಂಬಂಧವನ್ನು ಆರಿಸಿ ಕಟ್ಟಬೇಕು. ಕನ್ಸ್‌ಟ್ರೇಂಟ್ ಎನ್ನುತ್ತಿದ್ದದ್ದು ಅದಕ್ಕೆ. ಒಂದು ಬಿಂದುವಿಗೆ ಅತ್ತಿತ್ತ ಅಥವಾ ಮೇಲೆ ಕೆಳಗೆ ಸರಿಯಲು ಜಾಗ ಉಳಿದಿದ್ದರೂ ಅದು ನೀಲಿಯಾಗಿಯೇ ಇರುತ್ತದೆ, ಪೂರ್ತಿ ಕಟ್ಟಿದ ಮೇಲೆಯೇ ಕಪ್ಪಾಗುತ್ತದೆ. ಇದನ್ನು ಕೂತು ಹೇಳಲು ಅರ್ಧ ಗಂಟೆ ಸಾಕಿತ್ತು. ಆದರೆ ಅಂದು ನಮ್ಮ ಬೀದಿಗೆ ಕಾವೇರಿ ನೀರು ಬಿಡುವ ದಿನ. ಬೇಗ ಮನೆಗೆ ಹೋಗಿ ನಾನೇ ಕೊಡ ತುಂಬಿಸಬೇಕಿತ್ತು.

“ಕೊಡಿ ಇಲ್ಲಿ,” ಎಂದು ಎರಡೂ ಸೆಂಟರ್ ಲೈನ್ ಅಳಿಸಿಬಿಟ್ಟೆ. ತೂತುಗಳನ್ನು ಕಣ್ಣಿಗೆ ಸರಿಕಾಣುವಂತೆ ಎಳೆದು, ಎಡ ಅಂಚಿನಿಂದ ಇಪ್ಪತ್ತು, ಕೆಳ ಅಂಚಿನಿಂದ ಇಪ್ಪತ್ತು ಬರುವಂತೆ ಅಳತೆ ನೋಡಿ, ಒಂದು ತೂತಿನ ಮಧ್ಯಬಿಂದುವಿಗೆ ‘ಫಿಕ್ಸ್’ ಒತ್ತಿದೆ. ಅಂದರೆ, ಇದ್ದಲ್ಲೇ ಮೊಳೆ ಹೊಡೆದಂತೆ. ಇಡೀ ಸ್ಕೆಚ್ ಒಮ್ಮೆಲೇ ಕಪ್ಪಾಯಿತು.

“ಆಯ್ತು. ನಾಳೆ ಇದನ್ನ ಮುಟ್ಟಕ್ಕೆ ಹೋಗ್ಬೇಡಿ, ತೋರಿಸಿ ಸಾಕು.”

ಮೇಷ್ಟ್ರು ಪರದೆಯನ್ನೇ ನೋಡುತ್ತಿದ್ದರು. “ಗೆರೆ ಇಲ್ದೆ ಬೋಳು ಬೋಳಾಗಿದೆ,” ಎಂದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡಾಗಿತ್ತು.

ಶನಿವಾರ ಹನ್ನೊಂದಕ್ಕೆ ಇಂಜಿನಿಯರ್ ಬಂದರು. ಓನರ್ ಅವರ ಪಕ್ಕ ನಿಂತಿದ್ದರು. ಮೇಷ್ಟ್ರು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದರು. ಫೈಲು ತೆರೆದರು, ಪ್ಲೇಟನ್ನು ತಿರುಗಿಸಿ ತೋರಿಸಿದರು. ಎಲ್ಲ ಚೆನ್ನಾಗಿಯೇ ನಡೆಯಿತು. ಹೊರಡುವ ಮುಂಚೆ ಇಂಜಿನಿಯರ್, “ಕ್ಲ್ಯಾಂಪಿಗೆ ಜಾಗ ಸಾಲಲ್ಲ ಅನ್ಸುತ್ತೆ. ಪ್ಲೇಟ್ ಇಪ್ಪತ್ತು ಮಿಲ್ಲಿ ಉದ್ದ ಮಾಡಿ ನೋಡೋಣ,” ಎಂದರು.

ಮೇಷ್ಟ್ರ ಮುಖ ಅರಳಿತು. ಅದು ಅವರಿಗೆ ಬರುತ್ತಿತ್ತು. ನೂರೆಂಬತ್ತರ ಮೇಲೆ ಎರಡು ಸಲ ಒತ್ತಿ, ಒಂದೇ ಬೆರಳಲ್ಲಿ ಇನ್ನೂರು ಎಂದು ಟೈಪು ಮಾಡಿದರು.

ಪ್ಲೇಟು ಬಲಕ್ಕೆ ಬೆಳೆಯಿತು. ತೂತುಗಳು ಇದ್ದಲ್ಲೇ ಇದ್ದವು. ಎಡಕ್ಕೆ ಇಪ್ಪತ್ತು, ಬಲಕ್ಕೆ ನಲವತ್ತು. ಸ್ಕೆಚ್ ಮಾತ್ರ ಕಪ್ಪಾಗಿಯೇ ಇತ್ತು. ನಾನು ಕೊಟ್ಟ ಆಜ್ಞೆಯನ್ನು ಅದು ಚಾಚೂ ತಪ್ಪದೆ ಪಾಲಿಸಿತ್ತು. ನೀಲಿಯಾಗಿದ್ದಿದ್ದರೆ ಇನ್ನೂ ಏನೋ ಬಾಕಿಯಿದೆ ಎಂದಾದರೂ ಹೇಳುತ್ತಿತ್ತು. ಕಪ್ಪು ಮಾಡಿ ಅದರ ಬಾಯಿ ಮುಚ್ಚಿಸಿದವಳು ನಾನು.

“ಇದೇನ್ ಮೇಷ್ಟ್ರೇ, ತೂತೆಲ್ಲ ಒಂದು ಕಡೆಗೆ?” ಎಂದರು ಓನರ್.

ಮೇಷ್ಟ್ರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಕನ್ನಡಕ ತೆಗೆದು, “ಸೆಂಟರ್ ಲೈನ್ ಹಾಕೋದು ಮರ್ತೆ ಸಾರ್,” ಎಂದರು.

ಮೂವತ್ತು ವರ್ಷ ಯಾವ ಹಾಳೆಯಲ್ಲೂ ಮೊದಲು ಆ ಗೆರೆಯನ್ನೇ ಎಳೆದವರು ಅದನ್ನು ಮರೆತೆ ಎಂದರು. ಅದೂ ಹೊರಗಿನವರ ಮುಂದೆ. ಓನರ್ ಮುಖ ಸಪ್ಪಗಾಯಿತು. ವಯಸ್ಸಾಯಿತು ಎಂದು ಅವರು ಮನಸ್ಸಿನಲ್ಲೇ ಅಂದುಕೊಂಡದ್ದು ನನಗೆ ಕೇಳಿಸಿದಂತಾಯಿತು. ಸುಮ್ಮನಿದ್ದರೆ ನಾನು ಬಚಾವು. ಸುಮ್ಮನಿರೋಣ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಇಂಜಿನಿಯರ್ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಎದ್ದರು. ಆಗ ಬಾಯಿಬಿಟ್ಟೆ.

“ಅವರು ಹಾಕಿದ್ರು ಸಾರ್. ಅಳಿಸಿದ್ದು ನಾನು.”

ಇಂಜಿನಿಯರ್, “ಸೋಮವಾರ ಸರಿಮಾಡಿ ಕಳಿಸಿ,” ಎಂದು ಮೆಟ್ಟಿಲಿಳಿದರು. ಓನರ್ ಅವರನ್ನು ಬಿಟ್ಟು ಬಂದು, “ಸೋಮವಾರ ಬೆಳಗ್ಗೆ ನಾನು ನೋಡ್ತೀನಿ. ಮೇಷ್ಟ್ರೇ ಮಾಡ್ಬೇಕು. ನೀನು ಮೌಸ್ ಮುಟ್ಟಿದ್ರೆ ನಿನ್ನನ್ನೇ ಮನೆಗೆ ಕಳಿಸ್ತೀನಿ,” ಎಂದರು. ಆ ಬೈಗುಳ ನನಗೆ ಸಲ್ಲಬೇಕಾದದ್ದೇ.

ಅಂದು ಮಧ್ಯಾಹ್ನ ಕರೆಂಟು ಹೋಗಿತ್ತು. ನಾವಿಬ್ಬರೂ ಬೋರ್ಡಿನ ಮುಂದೆ ಕೂತೆವು. ಅವರು ಪೆನ್ಸಿಲಲ್ಲಿ ಪ್ಲೇಟು ಬರೆದರು. ನಾನು ಒಂದೊಂದು ಗೆರೆಗೂ, ಇದು ಜಾರದಂತೆ ಯಾರು ಹಿಡಿದುಕೊಂಡಿದ್ದಾರೆ ಎಂದು ಕೇಳುತ್ತಾ ಹೋದೆ. ಅವರು ಉತ್ತರ ಹೇಳುತ್ತಾ ಹೋದರು. ಅಷ್ಟೇ ನೋಡಿ, ಅವರಿಗೆ ಅರ್ಥವಾಗಿಬಿಟ್ಟಿತು.

“ಅಂದ್ರೆ ಫಿಟ್ಟರ್ ಹೊಸಬ ಅಂದ್ಕೋಬೇಕು. ಅವನಿಗೆ ಯಾವ್ದೂ ತಾನಾಗೇ ತಿಳಿಯಲ್ಲ, ಎಲ್ಲಾ ಬಿಡಿಸಿ ಹೇಳ್ಬೇಕು. ಅಷ್ಟೇ ತಾನೇ?”

“ಅಷ್ಟೇ ಮೇಷ್ಟ್ರೇ.”

“ಇದನ್ನ ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವೇನಮ್ಮ?”

ನಾನು ಕ್ಷಮೆ ಕೇಳಿದೆ. ಅವರು ಬೇಕರಿಯಿಂದ ಎರಡು ದಿಲ್‌ಪಸಂದ್ ತರಿಸಿದರು. ಕರೆಂಟು ಬಂದ ಮೇಲೆ ಎರಡು ಸಲ ಮಾಡಿ ನೋಡಿದರು. ಸೋಮವಾರ ಓನರ್ ಎದುರಿಗೆ ನೂರೆಂಬತ್ತನ್ನು ಇನ್ನೂರು ಮಾಡಿದರು. ತೂತುಗಳು ಪ್ಲೇಟಿನ ಜೊತೆ ಸರಿದು, ಎರಡೂ ಕಡೆ ಮೂವತ್ತು ಮಿಲ್ಲಿ ಬಿಟ್ಟು ನಿಂತವು. ಬೋರ್ಡು ಕಿಟಕಿ ಪಕ್ಕ ಸರಿಯಿತು. ಮೇಷ್ಟ್ರು ಮಾತ್ರ ಹೋಗಲಿಲ್ಲ, ನಿವೃತ್ತಿಯವರೆಗೂ ನನ್ನ ಪಕ್ಕದ ಕಂಪ್ಯೂಟರಿನಲ್ಲೇ ಇದ್ದರು. ಸ್ಕೆಚ್ ಮುಗಿದ ಮೇಲೆ ಒಂದೊಂದು ಗೆರೆಯನ್ನೂ ಹಿಡಿದೆಳೆದು ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಆ ಎರಡು ವರ್ಷ ನಾನು ಅವರಿಂದ ಕಲಿತಷ್ಟು ಯಾವ ತರಬೇತಿ ಕೇಂದ್ರದಲ್ಲೂ ಕಲಿಯಲಿಲ್ಲ.

ಅವರು ನಿವೃತ್ತರಾಗಿ ಹೋದ ಮೇಲೊಂದು ದಿನ ಅದೇ ಪ್ಲೇಟಿನ ಹೊಸ ಆರ್ಡರ್ ಬಂತು. ಫೈಲು ತೆರೆದೆ. ಎರಡು ಸೆಂಟರ್ ಲೈನ್, ಎರಡೂ ಕಪ್ಪು. ನಾನು ಕಲಿಸಿದ್ದು ಗೆರೆಯನ್ನು ಅಂಚಿನ ನಡುಬಿಂದುವಿಗೇ ನಿಲ್ಲಿಸಬೇಕು ಎಂದು. ಹೊರಗೆ ಬಿಟ್ಟರೆ ತುದಿಗಳು ಜೋತಾಡುತ್ತವೆ, ಸ್ಕೆಚ್ ನೀಲಿಯಾಗುತ್ತದೆ ಎಂದು ಹೆದರಿಸಿದ್ದೆ. ಆದರೆ ಇಲ್ಲಿ ನಾಲ್ಕೂ ತುದಿ ಹೊರಗಿದ್ದವು. ದೊಡ್ಡದು ಮಾಡಿ ನೋಡಿದೆ. ಪ್ರತಿ ತುದಿಗೂ ಅಂಚಿನಿಂದ ಒಂದು ಅಳತೆ ಕೊಟ್ಟು ಕಟ್ಟಿದ್ದರು. ಕೆಳಗೆ ಯಾವ ಮಿಷನ್ನಿಗೂ ಬೇಡದ, ಯಾವ ಫಿಟ್ಟರೂ ಓದದ ಅಳತೆ. ನಾಲ್ಕು ಕಡೆಯೂ ಮೂರು ಮಿಲ್ಲಿಮೀಟರ್.

ಕಿಟಕಿ ಪಕ್ಕದ ಬೋರ್ಡಿನ ಮೇಲೆ ಧೂಳು ಕೂತಿತ್ತು. ಬಟ್ಟೆ ಒದ್ದೆ ಮಾಡಿಕೊಂಡು ಬಂದು ಒರೆಸಿದೆ.