ಕಲಮಕ್ಕ ಬರೆದ ಉತ್ತರ

ನಮ್ಮ ದೊಡ್ಡಮ್ಮನ ಮುಂದೆ "ಆಗಲ್ಲ" ಎಂದು ಹೇಳಿ ಪಾರಾದವರಿಲ್ಲ. ನಲ್ಲಿ ಬಿಡುವವನು "ಇವತ್ತು ನೀರಿಲ್ಲಮ್ಮ" ಎಂದರೂ ಸರಿ, ನಾನು ಚಿಕ್ಕವಳಿದ್ದಾಗ "ಶಾಲೆಗೆ ಹೋಗಲ್ಲ" ಎಂದು ಗೋಡೆಗೆ ಮುಖ ಮಾಡಿ ಕೂತರೂ ಸರಿ, ಕೇಳುವುದು ಒಂದೇ ಪ್ರಶ್ನೆ: "ಯಾವ ಕಲಮು?"

ಕಲಮು ಎಂದರೆ ಕಾಯ್ದೆಯೊಳಗಿನ ಒಂದೊಂದು ನಿಯಮ. "ಹೋಗಲ್ಲ ಅಂದ್ರೆ ಸಾಲದು ಪುಟ್ಟಿ. ಕಾರಣ ಕೊಡು. ಯಾವ ಕಲಮಿನ ಪ್ರಕಾರ ಅಂತ ಹೇಳು. ನಿನ್ನ ತೀರ್ಮಾನ ಒಪ್ಪದಿದ್ರೆ ನಾನು ಯಾರ ಹತ್ರ ಮೇಲ್ಮನವಿ ಹಾಕ್ಬೇಕು? ನಿಮ್ಮಮ್ಮನ ಹತ್ರಾನಾ?" ಅಷ್ಟು ಹೊತ್ತಿಗೆ ನನಗೆ ನಗು ಬಂದು, ಚೀಲ ಹೆಗಲೇರಿ ಆಗಿರುತ್ತಿತ್ತು. ಆಫೀಸಿನಲ್ಲಿ ಅವರಿಗೆ ಕಲಮಕ್ಕ ಎಂದೇ ಹೆಸರು.

ಅವರಿದ್ದದ್ದು ಕಾಮಗಾರಿ ಇಲಾಖೆಯ ಮಾಹಿತಿ ಶಾಖೆಯಲ್ಲಿ. ಶಾಖೆ ಎಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಎರಡನೇ ಮಹಡಿಯ ಮೂಲೆ ಕೋಣೆ, ಎರಡು ಮೇಜು, ಅರ್ಧ ಕಿಟಕಿ. ಇನ್ನರ್ಧಕ್ಕೆ ಕಬ್ಬಿಣದ ಬೀರು ಅಡ್ಡ. ರಸ್ತೆ ಯಾಕೆ ಅಗೆದಿರಿ, ಚರಂಡಿ ಯಾಕೆ ಮುಚ್ಚಲಿಲ್ಲ ಎಂದು ಜನ ಅರ್ಜಿ ಹಾಕುತ್ತಾರೆ. ಅದಕ್ಕೆ ಮೂವತ್ತು ದಿನದೊಳಗೆ ಉತ್ತರ ಹೋಗಬೇಕು. ಸಾಹೇಬರು ಒಂದು ಸಾಲು ಗೀಚಿ ಕಳಿಸುತ್ತಾರೆ. ಆ ಸಾಲನ್ನು ಮನುಷ್ಯರು ಓದುವ ಹಾಗೆ ತಿದ್ದಿ ಬರೆಯುವುದು ದೊಡ್ಡಮ್ಮನ ಕೆಲಸ. ಕೇಳಿದ ಒಂದೊಂದು ಅಂಶಕ್ಕೂ ಬೇರೆ ಬೇರೆ ಉತ್ತರ. ಕೊಡುವುದಾದರೆ ಪ್ರತಿ ಲಗತ್ತು. ಕೊಡದಿದ್ದರೆ ಯಾವ ಕಲಮು, ಆ ಕಲಮು ಇಲ್ಲಿಗೆ ಹೇಗೆ ಅನ್ವಯಿಸುತ್ತದೆ, ಒಪ್ಪದಿದ್ದರೆ ಯಾರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ. ಇಷ್ಟೂ ಇದ್ದರೇ ಅದು ಉತ್ತರ.

"ಇಲ್ಲ ಅನ್ನೋದಕ್ಕೂ ಒಂದು ಮರ್ಯಾದೆ ಇದೆ ಕಣೇ," ಎನ್ನುತ್ತಿದ್ದರು.

ಅವರಿಗೆ ಮೈ ಉರಿಯುತ್ತಿದ್ದ ಮಾತೆಂದರೆ "ಲಭ್ಯವಿಲ್ಲ". "ಕೊಡೋಕಾಗಲ್ಲ ಅಂದ್ರೆ ಕಾಗದ ಇದೆ ಅಂತ ಒಪ್ಕೊಂಡ ಹಾಗೆ. ಯಾಕೆ ಕೊಡಲ್ಲ ಅಂತ ಜನ ಜಗಳ ಆಡ್ಬಹುದು. ಲಭ್ಯವಿಲ್ಲ ಅಂದ್ರೆ ಮುಗೀತು. ಮೊದಲನೇದು ಬಾಗಿಲು ಹಾಕೋದು. ಎರಡನೇದು ಇಲ್ಲಿ ಬಾಗಿಲೇ ಇರ್ಲಿಲ್ಲ ಅಂತ ಗೋಡೆಗೆ ಸುಣ್ಣ ಬಳಿಯೋದು."

ಒಬ್ಬ ಟೈಲರ್‌ನ ಅರ್ಜಿ ಬಂದದ್ದು ಕಾಲುವೆ ಮೇಲಿನ ಕಾಲುಸೇತುವೆ ಬಿದ್ದ ಎರಡು ತಿಂಗಳಿಗೆ. ನಾಲ್ಕು ಜನ ಸತ್ತಿದ್ದರು. ಅವರಲ್ಲಿ ಒಬ್ಬಾಕೆ ಆ ಟೈಲರ್ ಹೆಂಡತಿ. ಗಂಡ ಹೊಲಿದ ಸಮವಸ್ತ್ರಗಳ ಗಂಟು ಹೊತ್ತು ಬೆಳಿಗ್ಗೆ ಶಾಲೆಗೆ ಕೊಡಲು ಹೊರಟವಳು. ಅರ್ಜಿಯಲ್ಲಿ ಮೂರು ಅಂಶ ಕೇಳಿದ್ದ. ಒಂದು, ಹಿಂದಿನ ಎರಡು ವರ್ಷದಲ್ಲಿ ಸೇತುವೆ ತಪಾಸಣೆ ಮಾಡಿದ ದಿನಾಂಕಗಳು. ಎರಡು, ತಪಾಸಣೆಯ ವರದಿ ಮತ್ತು ಅದರ ಮೇಲೆ ಕ್ರಮ ಕೈಗೊಂಡ ಎಲ್ಲ ಕಾಗದಗಳು, ಕರಡು ಸಮೇತ. ಮೂರು, ಆ ದಿನ ಗಾಯಗೊಂಡು ಬದುಕಿದವರ ಹೆಸರು, ವಿಳಾಸ. ಕೊನೆಯದರ ಕೆಳಗೆ ಬರೆದಿದ್ದ: "ಕೊನೆಗೆ ಅವಳ ಪಕ್ಕ ಯಾರಿದ್ದರು ಎಂದು ಕೇಳಬೇಕಾಗಿದೆ."

ಇಪ್ಪತ್ತಾರನೇ ದಿನ ಸಾಹೇಬರಿಂದ ಉತ್ತರ ಇಳಿದು ಬಂತು. "ನೀವು ಕೇಳಿರುವ ಮಾಹಿತಿ ಲಭ್ಯವಿಲ್ಲ. ತನಿಖೆ ನಡೆಯುತ್ತಿರುವುದರಿಂದ ಕೊಡಲು ಬರುವುದಿಲ್ಲ. ಇಂಥ ಅರ್ಜಿ ಹಾಕಿ ಕಚೇರಿಯ ಸಮಯ ಹಾಳು ಮಾಡಬಾರದು."

ಎದುರು ಮೇಜಿನ ಟೈಪಿಸ್ಟ್ ಓದಿ ಕಿಸಕ್ಕನೆ ನಕ್ಕ. "ಅಕ್ಕ, ಬೆಕ್ಕೇ ಇಲ್ಲ, ಅದು ಮಲಗಿದೆ ಅಂದ ಹಾಗಾಯ್ತು."

ದೊಡ್ಡಮ್ಮ ನಗಲಿಲ್ಲ. ಕೆಂಪು ಪೆನ್ನು ತೆಗೆದು ಮೂರನೇ ವಾಕ್ಯ ಪೂರ್ತಿ ಹೊಡೆದರು. ಹೊಸ ಹಾಳೆಯ ಮೇಲೆ "ಮಾನ್ಯರೇ, ನಿಮ್ಮ ಪತ್ನಿಯವರ ಸಾವಿಗೆ ಕಚೇರಿ ವಿಷಾದಿಸುತ್ತದೆ" ಎಂದು ಶುರು ಮಾಡಿದರು. ಒಂದನೇ ಅಂಶಕ್ಕೆ ರಿಜಿಸ್ಟರ್ ನೋಡಿ ಮೂರು ದಿನಾಂಕ ಬರೆದರು. ಮೂರನೆಯದಕ್ಕೆ ಕಲಮು ಹಾಕಿ ನಿರಾಕರಿಸಿದರು. ಗಾಯಾಳುಗಳ ವಿಳಾಸ, ಚಿಕಿತ್ಸೆಯ ವಿವರ ಅವರ ಖಾಸಗಿ ವಿಷಯ, ಅವರ ಒಪ್ಪಿಗೆ ಇಲ್ಲದೆ ಕೊಡುವ ಹಾಗಿಲ್ಲ. ಅಲ್ಲಿಗೇ ನಿಲ್ಲಿಸಲಿಲ್ಲ. "ತಾವು ಅವರಿಗೆ ಪತ್ರ ಬರೆದು ಕಚೇರಿಗೆ ಒಪ್ಪಿಸಿದಲ್ಲಿ ತಲುಪಿಸಲಾಗುವುದು. ಉತ್ತರಿಸುವುದು ಅವರ ಇಚ್ಛೆಗೆ ಬಿಟ್ಟದ್ದು" ಎಂದು ಸೇರಿಸಿದರು.

ಎರಡನೆಯದಕ್ಕೆ ಸಾಹೇಬರು ಹೇಳಿದ ಕಾರಣವನ್ನೇ ಬರೆದರು. ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎಂದು ಕಲಮೇನೋ ಇದೆ. ಆದರೆ ಯಾವ ತನಿಖೆ, ಹೇಗೆ ಅಡ್ಡಿ ಎಂದು ತೋರಿಸಬೇಕು. ಹಾಗಾಗಿ ಒಂದು ಜಾಗ ಖಾಲಿ ಬಿಟ್ಟು ಫೈಲು ಹಿಡಿದು ಮೇಲೆ ಹೋದರು.

"ತನಿಖೆ ಆದೇಶದ ನಂಬರ್ ಬೇಕಿತ್ತು ಸಾರ್. ದಿನಾಂಕಾನೂ."

"ನಂಬರ್ ಎಲ್ಲಾ ಯಾಕ್ರೀ? ತನಿಖೆ ನಡೀತಿದೆ ಅಂತ ಬರೀರಿ ಸಾಕು."

"ಯಾರು ನಡೆಸ್ತಿದಾರೆ ಸಾರ್?"

ಸಾಹೇಬರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. ಆ ಖಾಲಿ ಜಾಗ ತುಂಬುವ ಹಾಗೇ ಇರಲಿಲ್ಲ. ನಾಲ್ಕು ಜನ ಸತ್ತು ಮೂರು ತಿಂಗಳಾಗುತ್ತಾ ಬಂದರೂ ತನಿಖೆಗೆ ಯಾರೂ ಆದೇಶವನ್ನೇ ಮಾಡಿರಲಿಲ್ಲ.

"ಹಾಗಾದ್ರೆ ವರದಿ ಕೊಡ್ಬೇಕಾಗತ್ತೆ ಸಾರ್," ಎಂದು ಹೇಳಿ ದೊಡ್ಡಮ್ಮ ದಾಖಲೆ ಕೋಣೆಗೆ ಇಳಿದರು. ಗೆದ್ದ ಸಂತೋಷದಲ್ಲೇ ಇಳಿದಿರಬೇಕು.

ಫೈಲಿನ ಮೊದಲ ಹಾಳೆ ತಪಾಸಣೆ ಮಾಡಿದ ಇಂಜಿನಿಯರ್ ಕೈಬರಹ. "ಹಲಗೆ ಕೆಳಗಿನ ಕಬ್ಬಿಣ ತುಕ್ಕು ತಿಂದಿದೆ. ಸೇತುವೆಯನ್ನು ಕೂಡಲೇ ಮುಚ್ಚಬೇಕು." ಬೀಳುವುದಕ್ಕೆ ಎಂಟು ತಿಂಗಳು ಮುಂಚಿನ ದಿನಾಂಕ. ಎರಡನೇ ಹಾಳೆ, ಸೇತುವೆ ನೋಡಿಕೊಳ್ಳುವ ಕಚೇರಿಗೆ ಬರೆದ ಪತ್ರದ ಕರಡು. ಅದರಲ್ಲಿ "ಕೂಡಲೇ" ಎಂಬ ಮಾತಿಗೆ ಕೆಂಪು ಗೆರೆ. ಮೇಲೆ ದುಂಡಗಿನ ಅಕ್ಷರದಲ್ಲಿ "ತಮ್ಮ ಅನುಕೂಲ ನೋಡಿಕೊಂಡು". ಅಂಚಿನಲ್ಲಿ ತಿದ್ದಿದವರ ಚಿಕ್ಕ ಸಹಿ.

ಆ ಸಹಿ ದೊಡ್ಡಮ್ಮನದು.

ನೆನಪಾಯಿತಂತೆ. ಮಾಹಿತಿ ಶಾಖೆಯ ಕೆಲಸ ಕಡಿಮೆ ಇದ್ದ ದಿನ ಸಾಹೇಬರು ಬೇರೆ ಪತ್ರಗಳನ್ನೂ ಇವರಿಗೇ ಕೊಡುತ್ತಿದ್ದರು. "ಕಲಮಕ್ಕ, ಅವ್ರು ನಮಗಿಂತ ದೊಡ್ಡ ಕಚೇರಿಯವ್ರು. ಸ್ವಲ್ಪ ಮೆತ್ತಗೆ ಮಾಡಿ" ಎಂದಿದ್ದರು. ಇವರು ಮೆತ್ತಗೆ ಮಾಡಿದರು. ಅವತ್ತು ಹನ್ನೊಂದು ಪತ್ರ ಮೆತ್ತಗೆ ಮಾಡಿದ್ದರು. ಅದು ಅವರ ಕೈಗುಣ. ದೊಡ್ಡ ಕಚೇರಿಯವರು ಅನುಕೂಲ ನೋಡಿಕೊಂಡೇ ಇದ್ದರು. ಸೇತುವೆ ಬಿತ್ತು.

ಮೇಲೆ ಬಂದಾಗ ಅವರ ಮುಖ ನೋಡಿ ಟೈಪಿಸ್ಟ್ ನೀರು ತಂದುಕೊಟ್ಟ. ಸಾಹೇಬರು ಫೈಲು ತಿರುವಿದರು. ಅವತ್ತು ಅವರು ರೇಗಲಿಲ್ಲ. ಅದಕ್ಕೇ ಭಯವಾಯಿತು ಎಂದರು ದೊಡ್ಡಮ್ಮ.

"ನೋಡಿ, ಕರಡು ಕೊಡೋದು ಬೇಡ. ಕೊನೇ ಪ್ರತಿ ಮಾತ್ರ ಕೊಡಿ."

"ಕರಡು ಸಮೇತ ಅಂತ ಕೇಳಿದಾರೆ ಸಾರ್."

"ಆಯ್ತಪ್ಪ, ಆ ಅಂಚಿನ ಸಹಿ ಮೇಲೆ ಕಪ್ಪು ಬಳೀರಿ. ಖಾಸಗಿ ವಿವರ ಅಂತ ಹಾಕಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಗಾಯಾಳುಗಳಿಗೆ ಅದೇ ಕಲಮು ಹಾಕಿಲ್ವಾ?"

ಮನೆಗೆ ಬಂದವರು ಚಪ್ಪಲಿ ಬಿಡದೆ ಅಡುಗೆಮನೆ ಬಾಗಿಲಲ್ಲೇ ನಿಂತು ನಡೆದದ್ದೆಲ್ಲ ಹೇಳಿದರು. ಅಮ್ಮ ಸೌಟು ಕೆಳಗಿಟ್ಟಳು.

"ಅಕ್ಕ, ಮೂರು ವರ್ಷ ಇದೆ ನಿನಗೆ ನಿವೃತ್ತಿಗೆ. ಒಂದು ಚುಕ್ಕೆ ಕಪ್ಪು ಅಷ್ಟೇ ತಾನೆ? ಬಳಿ, ಬಂದು ಊಟ ಮಾಡು."

"ಅದು ಕೆಲಸದ ಮೇಲೆ ಹಾಕಿದ ಸಹಿ ಕಣೇ. ಖಾಸಗಿ ಆಗಲ್ಲ."

"ಅವನಿಗೇನು ಗೊತ್ತಾಗತ್ತೆ, ಬಟ್ಟೆ ಹೊಲಿಯೋನಿಗೆ?"

"ಅವನಿಗೆ ಗೊತ್ತಾಗಲ್ಲ ಅಂತಾನೇ ಇಷ್ಟು ವರ್ಷ ನಾನು ಅಲ್ಲಿ ಕೂತಿರೋದು."

ಅಮ್ಮ ಸೌಟು ತೊಳೆದದ್ದನ್ನೇ ತೊಳೆದಳು. ಅವಳಿಗೆ ಸಿಟ್ಟು ಬಂದರೆ ಪಾತ್ರೆ ಫಳಫಳ.

ಮೂವತ್ತನೇ ದಿನ ಉತ್ತರ ಸಾಹೇಬರ ಮೇಜಿಗೆ ಹೋಯಿತು. ಎರಡನೇ ಅಂಶದ ಮುಂದೆ "ಕೋರಿದ ಕಾಗದಗಳ ಪೂರ್ಣ ಪ್ರತಿ ಲಗತ್ತಿಸಿದೆ. ಯಾವ ಭಾಗವನ್ನೂ ಮರೆಮಾಡಿಲ್ಲ" ಎಂದಿತ್ತು. ಗಡುವು ಮೀರಿದರೆ ಹೊಣೆ ಸಾಹೇಬರದೇ. ಅವರು ಓದಿದರು, ಅಂಚಿನ ಸಹಿಯನ್ನು ಇನ್ನೊಮ್ಮೆ ನೋಡಿದರು, ಸಹಿ ಹಾಕಿದರು. ತಾವು ಬಾಯಲ್ಲಿ ಹೇಳಿದ "ಮೆತ್ತಗೆ ಮಾಡಿ" ಯಾವ ಫೈಲಿನಲ್ಲೂ ಇಲ್ಲವೆಂಬ ಲೆಕ್ಕ ಅವರಿಗೆ ಆಗಲೇ ಹೊಳೆದಿತ್ತು.

ಹತ್ತು ದಿನಕ್ಕೆ ಮನೆಗೆ ಲಕೋಟೆ ಬಂತು. "ಪತ್ರದ ಕರಡಿನಲ್ಲಿ ನಿರ್ಲಕ್ಷ್ಯ ತೋರಿದ ಕಾರಣ ಅಮಾನತು ಮಾಡಲಾಗಿದೆ." ಒಂದೇ ಸಾಲು. ದೊಡ್ಡಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಭ್ಯಾಸಬಲ.

"ಕಲಮೇ ಹಾಕಿಲ್ಲ," ಎಂದರು. ಮೇಲ್ಮನವಿ ಹಾಕು ಎಂದು ನಾನು ಕುಣಿದೆ. "ಕಾರಣ ಸುಳ್ಳಲ್ವಲ್ಲ ಪುಟ್ಟಿ," ಎಂದು ಲಕೋಟೆ ಮಡಿಸಿಟ್ಟರು.

ಆ ವಾರವೇ ಟೈಲರ್ ನಮ್ಮ ಮನೆ ಹುಡುಕಿಕೊಂಡು ಬಂದ. ವಿಳಾಸ ಕೊಟ್ಟವನು ಟೈಪಿಸ್ಟ್. ಸಣ್ಣ ಆಳು, ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಜಗಳಕ್ಕೆ ಬಂದಿದ್ದಾನೆ ಎಂದು ಅಮ್ಮ ಬಾಗಿಲು ಬಿಟ್ಟು ಅಲುಗಲಿಲ್ಲ.

"ಪತ್ರ ತಲುಪಿಸಿದ್ರಂತೆ ಆಫೀಸಿನವ್ರು. ಬದುಕಿದವ್ರಲ್ಲಿ ಒಬ್ರು ಉತ್ತರ ಬರೆದ್ರು," ಎಂದ. "ಕಡೇವರೆಗೂ ಅವಳು ಗಂಟು ಬಿಡಲಿಲ್ಲವಂತೆ. ಬಟ್ಟೆ ಒದ್ದೆ ಆಗತ್ತೆ ಅಂತ ಮೇಲೆ ಎತ್ತಿ ಹಿಡಿದಿದ್ಳಂತೆ."

ಅವನು ಜೇಬಿನಿಂದ ಆ ಕರಡಿನ ಪ್ರತಿ ತೆಗೆದ. ಮಡಿಸಿ ಮಡಿಸಿ ಮಡಿಕೆಯಲ್ಲಿ ಹರಿದಿತ್ತು. ಬೆರಳಿಟ್ಟು ತೋರಿಸಿದ. "ಇದು ನಿಮ್ಮ ಅಕ್ಷರಾನಾ ಅಮ್ಮ?"

"ಹೌದಪ್ಪ. ನಂದೇ."

"ಒಂದೇ ಒಂದು ಮಾತು ಕೇಳ್ಬೇಕಿತ್ತು. ಇದನ್ನ ಹೊಡೀದೆ ಕೂಡಲೇ ಅಂತಾನೇ ಬಿಟ್ಟಿದ್ರೆ, ಅವ್ರು ಸೇತುವೆ ಮುಚ್ತಿದ್ರಾ?"

ದೊಡ್ಡಮ್ಮ ಆ ಕಾಗದ ನೋಡಿದರು. ಇಷ್ಟು ವರ್ಷ ಸಾವಿರಾರು ಪ್ರಶ್ನೆಗಳಿಗೆ ಅಂಶವಾರು ಉತ್ತರ ಬರೆದ ಕೈ ಮಡಿಲಲ್ಲಿ ಬಿದ್ದಿತ್ತು.

"ಹೇಳಬಾರದು ಅಂತಲ್ಲಪ್ಪ," ಎಂದರು. "ನನ್ನ ಹತ್ರ ಅದು... ಲಭ್ಯವಿಲ್ಲ."

ಅವನು ತಲೆಯಾಡಿಸಿದ. ಕಾಗದವನ್ನು ಹರಿದ ಮಡಿಕೆಯಲ್ಲೇ ಹುಷಾರಾಗಿ ಮಡಿಸಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದ.