ಮೇಲಣ್ಣನ ಎದೆ, ಎರಡು ಕಂಪನಿಯದು

ನಮ್ಮ ಉಕ್ಕಿನ ಗೋದಾಮಿನಲ್ಲಿ ಎಲ್ಲರ ಕೈಗೂ ಬಡಿತ ಎಣಿಸುವ ಬ್ಯಾಂಡ್ ಕಟ್ಟಿದ ಕಾಲದಲ್ಲಿ ನಾನು ಒಂದು ಬಡಾಯಿ ಕೊಚ್ಚಿಕೊಂಡಿದ್ದೆ. ನನ್ನ ವಿಶ್ರಾಂತಿ ಬಡಿತ ನಿಮಿಷಕ್ಕೆ ಐವತ್ತೆರಡು. ಓಟಗಾರರಿಗೆ ಮಾತ್ರ ಹಾಗಿರುತ್ತದಂತೆ. ನಾನು ಓಡುವುದು ಕ್ಯಾಂಟೀನ್ ಮುಚ್ಚುವ ಹೊತ್ತಿಗೆ ಮಾತ್ರ. ಆದರೂ ಆರು ತಿಂಗಳು ಎದೆ ಸೆಟೆಸಿಕೊಂಡು ಓಡಾಡಿದೆ. ಏಳನೇ ತಿಂಗಳ ಸುರಕ್ಷತಾ ಸಭೆಯಲ್ಲಿ, ನಾನೇ ತಯಾರಿಸಿದ ಪಟ್ಟಿ ಗೋಡೆಯ ಮೇಲೆ ಬಿತ್ತು. ನನ್ನ ಹೆಸರಿನ ಮುಂದೆ ಅರವತ್ತೊಂದು.

"ಏನ್ ಸಾರ್, ಓಟ ನಿಲ್ಲಿಸಿಬಿಟ್ರಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಇಡೀ ಸಭೆ ಗೊಳ್ಳೆಂದಿತು. ನಾನು ಮಾನ ಮುಚ್ಚಿಕೊಳ್ಳಲು ನೀರು ಕುಡಿದೆ. ಅದೂ ಅಂಗಿಯ ಮೇಲೆ ಬಿತ್ತು.

ಆ ನಗುವಿನ ಗದ್ದಲದಲ್ಲಿ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗಿನ ಸಾಲನ್ನು ಯಾರೂ ನೋಡಲಿಲ್ಲ. ಮ್ಯಾನೇಜರ್ ನೋಡಿದರು. ಅದು ಕೆಂಪಾಗಿತ್ತು. ಮೇಲಣ್ಣ: ಐವತ್ತು ಇದ್ದದ್ದು ಅರವತ್ತೊಂದು.

ಮೇಲಣ್ಣ ಎಂದರೆ ನಮ್ಮ ಕ್ರೇನ್ ಆಪರೇಟರ್. ಇಪ್ಪತ್ತೊಂಬತ್ತು ವರ್ಷ ಛಾವಣಿಯ ಕೆಳಗಿನ ಗಾಜಿನ ಕ್ಯಾಬಿನ್ನಿನಲ್ಲಿ ಕೂತವನು, ಅದಕ್ಕೇ ಆ ಹೆಸರು. ಬೆಳಿಗ್ಗೆ ಅರವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿದರೆ ಇಳಿಯುವುದು ಊಟಕ್ಕೆ. ಇಪ್ಪತ್ತು ಟನ್ನಿನ ಉಕ್ಕಿನ ಸುರುಳಿಯನ್ನು ಲಾರಿಯ ಮೇಲೆ ಇಳಿಸಿದರೆ, ಲಾರಿಯೊಳಗೆ ಮಲಗಿದ್ದ ಡ್ರೈವರ್‌ಗೆ ಎಚ್ಚರವಾಗುತ್ತಿರಲಿಲ್ಲ. ನಮ್ಮನ್ನೆಲ್ಲ ಅವನು ಮೇಲಿನಿಂದಲೇ ಬಲ್ಲ. "ನಿಮ್ಮ ನೆತ್ತಿ ಈ ವರ್ಷ ಎರಡು ಬೆರಳು ಅಗಲ ಆಗಿದೆ ಸಾರ್. ಮನೇಲಿ ಹೇಳ್ಲಿಲ್ವಾ?" ಎಂದು ಒಮ್ಮೆ ನನಗೆ ಹೇಳಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಅಂದಿನಿಂದ ಆ ಕಡೆ ಹೋಗುವಾಗ ಹೆಲ್ಮೆಟ್ ತಪ್ಪಿಸುವುದಿಲ್ಲ. ಸುರಕ್ಷತಾ ಗುಮಾಸ್ತನಾದ ನಾನು ಹೆಲ್ಮೆಟ್ ಹಾಕಲು ಶುರುಮಾಡಿದ ಕಥೆ ಅದು.

ನಿಯಮ ಹೀಗಿತ್ತು: ಕ್ರೇನ್ ನಡೆಸುವವನ ವಿಶ್ರಾಂತಿ ಬಡಿತ ತನ್ನದೇ ಆರು ತಿಂಗಳ ಅಂಕಿಗಿಂತ ಹತ್ತಕ್ಕಿಂತ ಹೆಚ್ಚು ಏರಿದರೆ ಅವನು ಕೆಳಗಿಳಿಯಬೇಕು, ಅಂಕಿ ಹಳೆಯ ಮಟ್ಟಕ್ಕೆ ಬಂದಮೇಲೆ ಹತ್ತಬಹುದು. ಇನ್ನೊಬ್ಬ ಆಪರೇಟರ್‌ಗೆ ಏರಿದ್ದು ಏಳು, ಅವನು ಪಾರಾದ. ನನಗೆ ಒಂಬತ್ತು, ಆದರೆ ನಾನು ಎತ್ತುವುದು ಕಡತ ಮಾತ್ರ. ಮೇಲಣ್ಣನಿಗೆ ಹನ್ನೊಂದು.

"ಎದೆಯಲ್ಲಿ ಏನಾದರೂ ಆಗುತ್ತಾ?" ಎಂದು ಮ್ಯಾನೇಜರ್ ಕೇಳಿದರು.

"ಇಷ್ಟು ಹೊತ್ತು ಏನೂ ಆಗ್ತಿರಲಿಲ್ಲ ಸಾರ್," ಎಂದ ಮೇಲಣ್ಣ.

ಅವನನ್ನು ಹೊರಗಿನ ಡಾಕ್ಟರ್ ಹತ್ತಿರ ಕಳಿಸಿದರು. ಇಸಿಜಿ ಸರಿಯಾಗಿತ್ತು. ಆದರೆ ನಮ್ಮ ಫಾರಂನಲ್ಲಿ 'ವಿಶ್ರಾಂತಿ ಬಡಿತ' ಎಂಬ ಒಂದು ಖಾನೆ ಇತ್ತು. ಡಾಕ್ಟರ್ ಅವನನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ನಾಡಿ ಹಿಡಿದು, ಪ್ರಾಮಾಣಿಕವಾಗಿ ಅರವತ್ತೆರಡು ಎಂದು ಬರೆದರು. ಅಲ್ಲಿಗೆ ಕೆಂಪು ಗಟ್ಟಿಯಾಯಿತು. ಮೇಲಣ್ಣ ಕೆಳಗೆ ನಿಂತು ಸುರುಳಿಗಳಿಗೆ ಬೆಲ್ಟ್ ಸಿಕ್ಕಿಸಿ ಕೊಕ್ಕೆಗೆ ಹಾಕುವ ಕೆಲಸಕ್ಕೆ ಬಂದ. ಹೆಸರು ಮಾತ್ರ ಇಳಿಯಲಿಲ್ಲ. "ಮೇಲಣ್ಣ, ಕೆಳಗೆ ನೋಡ್ಕೊಳ್ಳೋ, ಕಾಲು!" ಎಂದು ಕೂಗಿ ಜನ ನಗುತ್ತಿದ್ದರು. ಮೊದಲ ವಾರ ಅವನೂ ನಕ್ಕ.

ನಾನೂ ಸುಮ್ಮನಿರಲಿಲ್ಲ, ನನ್ನ ಎದೆಯ ಚಿಂತೆ ಹತ್ತಿತ್ತು. ಒಂದು ತಿಂಗಳು ಉಪ್ಪು, ಸಕ್ಕರೆ, ಸಂತೋಷ ಮೂರನ್ನೂ ಬಿಟ್ಟೆ. ಅಂಕಿ ಒಂದೂ ಇಳಿಯಲಿಲ್ಲ. ಕೊನೆಗೆ ನಮ್ಮ ಚಿಕಿತ್ಸಾ ಕೋಣೆಯ ಸಿಸ್ಟರ್ ಹತ್ತಿರ ಹೋಗಿ ಮುಖ ಸಪ್ಪೆ ಮಾಡಿ ಕೂತೆ.

ಆಕೆ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಬ್ಯಾಂಡ್ ಯಾವಾಗ ಬದಲಾಯ್ತು?"

"ಎರಡು ತಿಂಗಳಾಯ್ತು. ನಮ್ಮವರು ಬೇರೆ ಕಂಪನಿದು ತರಿಸಿದ್ರು. ಎಲ್ಲರಿಗೂ."

"ಹಳೇದು ನಿದ್ದೇಲೂ ಎಣಿಸ್ತಿತ್ತು. ದಿನದ ಇಪ್ಪತ್ನಾಲ್ಕು ಗಂಟೇಲಿ ಯಾವ ಅರ್ಧ ಗಂಟೆ ಸರಾಸರಿ ಎಲ್ಲಕ್ಕಿಂತ ಕಡಿಮೆನೋ, ಅದನ್ನೇ ವಿಶ್ರಾಂತಿ ಬಡಿತ ಅಂತಿತ್ತು. ಅಂದ್ರೆ ಸಾಮಾನ್ಯವಾಗಿ ಗಾಢ ನಿದ್ದೆ ಹೊತ್ತು. ಹೊಸದು ನಿದ್ದೆ ಬಿಟ್ಟು, ಎಚ್ಚರವಾಗಿ ಅಲ್ಲಾಡದೆ ಕೂತಾಗಿನ ಬಡಿತ ಮಾತ್ರ ತಗೊಳ್ಳುತ್ತೆ. ಡಬ್ಬದೊಳಗಿನ ಚೀಟೀಲೇ ಇದೆ ಸಾರ್, ಓದ್ಲಿಲ್ವಾ?"

ಚೀಟಿಯನ್ನು ನಾನು ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದೆ. ಮೇಜು ಈಗ ಅಲುಗಾಡುತ್ತಿಲ್ಲ.

"ಹಾಗಾದ್ರೆ ಮೇಲಣ್ಣನಿಗೇ ಯಾಕೆ ಹನ್ನೊಂದು?"

"ನಿದ್ದೇಲಿ ಒಬ್ಬೊಬ್ಬರದ್ದು ಒಂದೊಂದು ಥರ ಇಳಿಯುತ್ತೆ. ಅವರದ್ದು ಜಾಸ್ತಿ ಇಳಿಯುತ್ತೆ. ಎದ್ದಾಗಿನದಕ್ಕೂ ಮಲಗಿದಾಗಿನದಕ್ಕೂ ಅಂತರ ದೊಡ್ಡದು. ಅಷ್ಟೇ ಅವರ ಕಾಯಿಲೆ. ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿದ ಪುಣ್ಯಾತ್ಮ ಯಾರು?"

ಪುಣ್ಯಾತ್ಮ ಆಕೆಯ ಎದುರಿಗೇ ಕೂತಿದ್ದ.

ಅದು ಮೇಲಣ್ಣ ಇಳಿದ ಮೂವತ್ತೈದನೆಯ ದಿನ. ಅಂದೇ ಮ್ಯಾನೇಜರ್ ಕೋಣೆಗೆ ಹೋಗಿ 'ತಪ್ಪು ನನ್ನದು' ಎನ್ನಬಹುದಿತ್ತು. ಬಾಗಿಲ ತನಕ ಹೋದೆ ಕೂಡ. ಸಭೆಯ ನಗು ಇನ್ನೂ ಕಿವಿಯಲ್ಲಿತ್ತು. ಕಡತದ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬರೆದು ಹಿಂದಿರುಗಿದೆ. ಅದರಷ್ಟು ನೆಮ್ಮದಿಯ ಪದ ಆಫೀಸಿನಲ್ಲಿ ಇನ್ನೊಂದಿಲ್ಲ.

ಅತ್ತ ಮೇಲಣ್ಣನ ಹೆಂಡತಿ ಅವನ ಹಾಸಿಗೆಯನ್ನು ಮಹಡಿಯಿಂದ ಕೆಳಗೆ ತಂದರು. ಒಂದು ದಿನ ಗೇಟಿನ ಹತ್ತಿರ ನನ್ನನ್ನು ಹಿಡಿದರು. "ಮನೆ ಹೊತ್ಕೊಂಡು ಹೋದ್ರೂ ಏಳದೆ ಮಲಗ್ತಿದ್ರಪ್ಪಾ. ಈಗ ಎದೆ ಮೇಲೆ ಕೈ ಇಟ್ಕೊಂಡು ಎಣಿಸ್ತಾ ಕೂತಿರ್ತಾರೆ. ನೀವು ಓದಿದೋರು, ಗುಣ ಆಗೋ ಕಾಯಿಲೆನಾ ಹೇಳಿ."

"ಪರಿಶೀಲನೆಯಲ್ಲಿದೆ ಅಕ್ಕಾ," ಎಂದೆ.

ಎಂಬತ್ತನೆಯ ದಿನ ಸಿಸ್ಟರ್‌ಗೆ ತಾಳ್ಮೆ ಹೋಯಿತು. ಮೇಲಣ್ಣನ ಒಂದು ಕೈಗೆ ಹಳೆಯದು, ಇನ್ನೊಂದಕ್ಕೆ ಹೊಸದು ಕಟ್ಟಿ ಎರಡು ವಾರ ಬಿಟ್ಟರು. ಫಲಿತಾಂಶ ಹಿಡಿದು, ನನ್ನನ್ನೂ ಹೆಚ್ಚುಕಮ್ಮಿ ಕಿವಿ ಹಿಡಿದು, ಮ್ಯಾನೇಜರ್ ಮುಂದೆ ನಿಲ್ಲಿಸಿದರು. ಹಳೆಯದರಲ್ಲಿ ವಿಶ್ರಾಂತಿ ಬಡಿತ ಐವತ್ತೆರಡು, ಹೊಸದರಲ್ಲಿ ಅರವತ್ತೆರಡು. ಆ ಹಳೆಯದರಲ್ಲೇ ದಿನದ ಕನಿಷ್ಠ ನಲವತ್ತೇಳು, ದಿನದ ಸರಾಸರಿ ಎಪ್ಪತ್ತಾರು.

"ಇದರಲ್ಲಿ ನಿಜ ಯಾವುದ್ರೀ?" ಎಂದರು ಮ್ಯಾನೇಜರ್.

"ಎಲ್ಲಾ ನಿಜ ಸಾರ್. ಕನಿಷ್ಠ ಅಂದ್ರೆ ಒಂದು ಗಳಿಗೆ ಮುಟ್ಟಿದ ತಳ. ಸರಾಸರಿಯಲ್ಲಿ ಅವರು ನಡೆದದ್ದು, ಬೆಲ್ಟ್ ಎಳೆದದ್ದು ಎಲ್ಲಾ ಸೇರುತ್ತೆ. ಹಳೇದನ್ನ ಹಳೇದರ ಜೊತೆ, ಹೊಸದನ್ನ ಹೊಸದರ ಜೊತೆ ನೋಡಬೇಕು. ಅವರ ಎದೆ ಏನೂ ಬದಲಾಗಿಲ್ಲ. ಬದಲಾಗಿದ್ದು ಬ್ಯಾಂಡು."

ನಾನು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಬೈಯಲಿಲ್ಲ. ಕೂಡಲೇ ಕೆಂಪು ತೆಗೆಸಿದರು. ಆಮೇಲೆ ನಿಯಮದ ಪುಸ್ತಕ ತೆರೆದರು. ತೊಂಬತ್ತು ದಿನ ಕ್ರೇನ್ ಬಿಟ್ಟವರು ಹೊಸದಾಗಿ ಪರೀಕ್ಷೆಗೆ ಕೂರಬೇಕು. ಪರೀಕ್ಷೆಗೆ ವಯಸ್ಸು ಐವತ್ತೈದು ದಾಟಿರಬಾರದು. ಮೇಲಣ್ಣನಿಗೆ ಐವತ್ತಾರು. ಅಂದು ತೊಂಬತ್ತೈದನೆಯ ದಿನ.

ಮುಂದಿನ ಸಭೆಯಲ್ಲಿ ಅಂಕಿಅಂಶದ ದೋಷ ಪತ್ತೆಹಚ್ಚಿದ್ದಕ್ಕೆ ನನಗೊಂದು ಪ್ರಶಂಸಾಪತ್ರ ಸಿಕ್ಕಿತು. ಸಿಸ್ಟರ್ ಎದ್ದು ಹೊರಗೆ ಹೋದರು. ನಾನು ಬೇಡವೆನ್ನಲಿಲ್ಲ, ಚೌಕಟ್ಟು ಚೆನ್ನಾಗಿತ್ತು. ಮೇಲಣ್ಣ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ, ಎರಡೂ ಕೈಯಲ್ಲಿ ಬ್ಯಾಂಡ್ ಇದ್ದ ಹಾಗೇ. ಯಾರೂ ಬಿಚ್ಚು ಎಂದು ಹೇಳಿರಲಿಲ್ಲ.

ಸಭೆ ಮುಗಿದ ಮೇಲೆ ಅವನು ಸುರುಳಿಗೆ ಬೆಲ್ಟ್ ಸಿಕ್ಕಿಸುತ್ತಿದ್ದಲ್ಲಿಗೆ ಹೋದೆ. ಮೇಲೆ ಬೇರೆಯವನು ಕೊಕ್ಕೆಯನ್ನು ಧಡಕ್ಕನೆ ಇಳಿಸಿದ. ಮೇಲಣ್ಣ ಒಂದು ಹೆಜ್ಜೆ ಹಿಂದೆ ಸರಿದು, ಛಾವಣಿಯ ಕಡೆ ನೋಡಿ, ಮತ್ತೆ ಬಗ್ಗಿದ. ನಾನು ಕೇಳಿದೆ:

"ಈಗ ಎದೆ ಹೇಗಿದೆ ಮೇಲಣ್ಣಾ?"

ಅವನು ಬೆಲ್ಟ್ ಬಿಗಿ ಮಾಡಿ, ಎರಡೂ ಮಣಿಕಟ್ಟನ್ನು ನೋಡಿಕೊಂಡ.

"ಯಾವ ಕಂಪನಿದು ಹೇಳ್ಲಿ ಸಾರ್?"