ಒಬ್ಬರ ಮೇಲಿನ ಪಿಂಚಣಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ವಿಮೆ ಏಜೆಂಟ್ ಆಗಿ ಇಳಕಲ್ಲಿನ ಓಣಿ ಓಣಿ ತಿರುಗುವವಳಿಗೆ ಈ ಗುಣ ಇರಬಾರದು, ಗೊತ್ತು. ಆದರೂ ಇದೆ. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಹಿಡಿದ ಕೆಲಸವಿದು.

ನಮ್ಮ ಓಣಿಯ ಸೀರೆ ಅಂಗಡಿಯವರು ಮೊಣಕಾಲು ನೋವಿಗೆ ಸೋತು ಅಂಗಡಿ ಮಾರಿದರು. ಬಂದ ಹಣವನ್ನು ಒಂದೇ ಸಲ ಕಟ್ಟಿ, ತಿಂಗಳು ತಿಂಗಳು ಪಿಂಚಣಿ ತೆಗೆದುಕೊಳ್ಳೋಣವೆಂದು ನನ್ನನ್ನು ಮನೆಗೆ ಕರೆಸಿದರು. ಕಟ್ಟಿದ ಹಣ ಕೊನೆಗೆ ವಾಪಸ್ ಬರುವಂಥದ್ದೂ ಇತ್ತು. ಅದರಲ್ಲಿ ತಿಂಗಳಿಗೆ ಬರುವುದು ತೀರಾ ಕಡಿಮೆಯೆಂದು ಅವರೇ ಬೇಡವೆಂದರು. ಉಳಿದದ್ದು ಎರಡು ದಾರಿ.

"ಅಣ್ಣಾರ, ನಿಮ್ಮೊಬ್ಬರ ಮ್ಯಾಲೆ ತಗೊಂಡ್ರ ತಿಂಗಳಾ ಎರಡು ಸಾವಿರದಷ್ಟು ಹೆಚ್ಚಿಗೆ ಬರ್ತೈತಿ. ಆದ್ರ ನೀವಿರೋತನಕ ಅಷ್ಟs. ಆಮ್ಯಾಲೆ ಯಾರಿಗೂ ಏನೂ ಇಲ್ಲ. ಇಬ್ಬರ ಮ್ಯಾಲೆ ತಗೊಂಡ್ರ ಸ್ವಲ್ಪ ಕಡಿಮಿ, ಆದ್ರ ನಿಮ್ಮ ಹಿಂದ ಅಕ್ಕಾರಿಗೆ ಅವರಿರೋತನಕ ಅಷ್ಟಕ್ಕಷ್ಟೂ ಬರ್ತೈತಿ."

ಚಹಾ ತಂದ ಅವರ ಹೆಂಡತಿ ಕಪ್ಪು-ಬಸಿ ಕೆಳಗಿಟ್ಟರು. "ನಾ ಮುತ್ತೈದಿಯಾಗೇ ಹೋಗಾಕಿ. ನನಗ್ಯಾಕ ಪಿಂಚಣಿ? ಅವರ ಹಿಂದ ಅನ್ನೋ ಮಾತು ನಿನ್ನಂಥಾಕಿ ಬಾಯಿಂದ ನನ್ನ ಮನ್ಯಾಗ ಬ್ಯಾಡ, ತಂಗಿ."

ನಿನ್ನಂಥಾಕಿ! ನನ್ನ ಬರಿ ಹಣೆಯನ್ನು ನೋಡಿಯೇ ಅಂದದ್ದು. ಮೈಯೆಲ್ಲ ಉರಿದುಹೋಯಿತು. ಬೇರೆಯವರ ಮನೆಯಲ್ಲಾಗಿದ್ದರೆ ಎರಡು ದಿನ ಬಿಟ್ಟು ಮತ್ತೆ ಹೋಗಿ, ನಕ್ಕು, ತಿಳಿಸಿ ಹೇಳುತ್ತಿದ್ದೆ. ಅಂದು ಮಾತ್ರ, ಆಗಲಿ ಮಹಾತಾಯಿ, ನಿನ್ನ ಇಷ್ಟವೇ ನಡೆಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು, ಒಬ್ಬರ ಮೇಲಿನ ಪಿಂಚಣಿಗೆ ಗುರುತು ಹಾಕಿ ಅಣ್ಣಾರ ಮುಂದಿಟ್ಟೆ. ಅವರು ಹೆಂಡತಿಯ ಮುಖ ನೋಡಿ ಸಹಿ ಮಾಡಿದರು.

ಪಾಲಿಸಿ ಕೈಗೆ ಬಂದು ಮೂರು ವಾರಕ್ಕೆ ಅವರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಬಗಲಲ್ಲಿ ತಮ್ಮ ಅಂಗಡಿಯದೇ ಹಳೆಯ ಕೈಚೀಲ, ಅದರಲ್ಲಿ ಪಾಲಿಸಿ.

"ಆಕಿಗೆ ಗೊತ್ತಾಗದಂಗ ಇದನ್ನ ಇಬ್ಬರ ಮ್ಯಾಲೆ ಮಾಡಾಕ ಬರ್ತೈತೇನ್ರಿ?"

"ಮೂವತ್ತು ದಿನದೊಳಗ ವಾಪಸ್ ಕೊಟ್ಟು ಹೊಸದು ತಗೋಬಹುದು ರಿ. ಆದ್ರ ಅಕ್ಕಾರ ಆಧಾರ್ ಬೇಕು, ವಯಸ್ಸಿನ ದಾಖಲಿ ಬೇಕು, ಸಹಿ ಬೇಕು. ಗುಟ್ಟಾಗಿ ಆಗಾಂಗಿಲ್ಲ."

"ನಾ ಬಾಯಿ ತೆಗದ್ರ ಅಳಾಕ ಕೂಡ್ತಾಳ. ನೀವs ಒಮ್ಮೆ ಬಂದು ಹೇಳ್ರಿ. ಹೆಣ್ಣುಮಕ್ಕಳು ಹೆಣ್ಣುಮಕ್ಕಳು ಮಾತಾಡ್ರಿ."

"ಆ ಹೊಸ್ತಿಲ ನಾ ತುಳಿಯಾಂಗಿಲ್ರಿ ಅಣ್ಣಾರ."

ಅವರು ಪಾಲಿಸಿಯನ್ನು ಮತ್ತೆ ಚೀಲಕ್ಕೆ ಹಾಕಿ, ಚಹಾ ಕುಡಿಯದೆ ಎದ್ದು ಹೋದರು. ಇನ್ನೂ ಒಂಬತ್ತು ದಿನ ಉಳಿದಿದ್ದವು. ಒಂಬತ್ತೂ ದಿನ ಅವರ ಮನೆ ಮುಂದಿನಿಂದಲೇ ಓಡಾಡಿದೆ, ಒಳಗೆ ಕಾಲಿಡಲಿಲ್ಲ. ನನ್ನ ಸೊಕ್ಕಿಗೆ ಏನನ್ನಬೇಕು?

ಎರಡು ವರ್ಷ ತುಂಬುವ ಮೊದಲೇ ಅವರು ಬಾಗಲಕೋಟೆಯ ದವಾಖಾನೆಯಲ್ಲಿ ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕ ನಮ್ಮ ಮನೆಗೆ ಬಂದರು. ಹಣೆ ಬರಿದು. ಕೈಯಲ್ಲಿ ಅದೇ ಚೀಲ.

"ಇದರಾಗ ನಾಮಿನಿ ಅಂತ ನನ್ನ ಹೆಸರು ಐತಿ ತಂಗಿ. ಇನ್ನ ಮ್ಯಾಲೆ ನನಗ ಬರ್ತೈತಲ್ಲ?"

ಎಷ್ಟೋ ಮನೆಗಳಲ್ಲಿ ಈ ಮಾತು ಹೇಳಿದ್ದೇನೆ. ಅವರು ಸತ್ತ ದಿನದವರೆಗೆ ಬರಬೇಕಾದದ್ದು ಏನಾದರೂ ಬಾಕಿ ಇದ್ದರೆ ಅಷ್ಟೇ ನಾಮಿನಿಗೆ, ಪಿಂಚಣಿ ಅಲ್ಲಿಗೇ ನಿಂತಿತು, ಕಟ್ಟಿದ ಹಣವೂ ಬರುವುದಿಲ್ಲ ಎಂದು ಹೇಗೋ ಹೇಳಿ ಮುಗಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ನಾನs ಬ್ಯಾಡ ಅಂದಿದ್ದೆ," ಎಂದರು. "ನೇಕಾರರ ಮನ್ಯಾಗ ನೂಲಿನ ಕಂಡಿಕಿ ಸುತ್ತಾಕ ಹೋಗ್ತೇನಿ ಬಿಡು. ಸಣ್ಣಾಕಿದ್ದಾಗ ಸುತ್ತಿದಾಕಿ. ಈಗ ಕಣ್ಣು ಮಂಜ, ಆದ್ರೂ ಕೈಗೆ ರೂಢಿ ಇರ್ತೈತಿ." ಬಾಗಿಲವರೆಗೆ ಹೋಗಿ ನಿಂತರು. "ನಾ ಅಂದೆ, ಅವರು ಸಹಿ ಮಾಡಿದ್ರು. ನನ್ನ ಹಿಂದ ಇಕಿ ಗತಿ ಏನು ಅಂತ ಒಮ್ಮೆರೆ ಅವರಿಗೆ ಅನಿಸಲಿಲ್ಲೇನು?"

ಸುಮ್ಮನಿದ್ದಿದ್ದರೆ ನಾನು ಉಳಿಯುತ್ತಿದ್ದೆ. ಆದರೆ ಸತ್ತವರ ಮೇಲೆ ಆ ಅಪವಾದ ಬಿಡಲಾಗಲಿಲ್ಲ.

"ಅನಿಸಿತ್ತು ಅಕ್ಕಾರ. ಬದಲಿ ಮಾಡಾಕ ಬಂದಿದ್ರು. ನೀವು ಅಳ್ತೀರಿ ಅಂತ, ಬಂದು ತಿಳಿಸಿ ಹೇಳು ಅಂತ ನನಗ ಕೇಳಿದ್ರು. ಇನ್ನೂ ದಿನ ಇದ್ವು."

"ಬಂದಿದ್ರಾ!" ಅವರ ಮುಖ ಅರಳಿತು. ಚೀಲವನ್ನು ಎದೆಗೊತ್ತಿಕೊಂಡು ಅತ್ತರು. ಸೆರಗಿನಿಂದ ಕಣ್ಣೊರೆಸಿಕೊಂಡು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯದವರ ಹಾಗೆ ಕೇಳಿದರು:

"ಮತ್ತ ನೀ ಯಾಕ ಬರಲಿಲ್ಲ, ತಂಗಿ?"